ಮುರಿದುಕೊಂಡದ್ದೆಲ್ಲ ಕಮಿಷನ್ ಅಲ್ಲ

ಮಾನ್ಯರೇ,

ತಿಪಟೂರು, ಗುಬ್ಬಿ ಕಡೆಯ ತೆಂಗಿನ ನಾರಿನ ಕಾಲೊರಸು, ಕೊಬ್ಬರಿ, ಎಣ್ಣೆ ಈಗ ಆನ್‌ಲೈನ್ ಮಾರುಕಟ್ಟೆಗಳಲ್ಲಿ ಮಾರಾಟವಾಗುತ್ತಿವೆ. ಮಾರುವವರಲ್ಲಿ ಹಲವರು ಬ್ಯಾಂಕಿಗೆ ಬಂದ ಹಣವನ್ನೇ ಮಾರಾಟವೆಂದೂ ಉಳಿದದ್ದನ್ನು 'ಕಂಪನಿ ಮುರಿದುಕೊಂಡ ಕಮಿಷನ್' ಎಂದೂ ಬರೆದು ಲೆಕ್ಕ ಮುಗಿಸುತ್ತಾರೆ. ಹೀಗೆ ಬರೆದರೆ ತಮಗೆ ವಾಪಸ್ ಸಿಗಬೇಕಾದ ಹಣವನ್ನು ತಾವೇ ಖರ್ಚಿಗೆ ಹಾಕಿಕೊಂಡಂತೆ.

ಒಂದೇ ಒಂದು ಕಾಲೊರಸಿನ ಲೆಕ್ಕ ನೋಡೋಣ. ಬೆಲೆ 500 ರೂಪಾಯಿ, ಶೇ 5 ಜಿಎಸ್‌ಟಿ ಸೇರಿ ಗಿರಾಕಿ ಕೊಟ್ಟದ್ದು 525. ಕಮಿಷನ್ 50 ಎಂದಿಟ್ಟುಕೊಂಡರೆ ಅದರ ಮೇಲೆ ಶೇ 18ರಂತೆ 9 ರೂಪಾಯಿ ಜಿಎಸ್‌ಟಿ. ಜತೆಗೆ ಕಂಪನಿ ಮಾರಾಟಗಾರರ ಜಿಎಸ್‌ಟಿ ಲೆಕ್ಕಕ್ಕೆಂದು ಮೊದಲೇ ಹಿಡಿದು ಸರ್ಕಾರಕ್ಕೆ ಕಟ್ಟುವ ಟಿಸಿಎಸ್ 2.50, ಆದಾಯ ತೆರಿಗೆಯ ಟಿಡಿಎಸ್ 50 ಪೈಸೆ. ಕೊರಿಯರ್ ಖರ್ಚು ಬದಿಗಿಟ್ಟರೆ ಕೈಗೆ ಬರುವುದು 463. ಕಂಪನಿ ಹಣ ಹಾಕುವಾಗ ಕೊಡುವ ಸೆಟ್ಲ್‌ಮೆಂಟ್ ವರದಿಯಲ್ಲಿ ಇವೆಲ್ಲ ಒಂದರ ಕೆಳಗೊಂದು ಮೈನಸ್ ಗುರುತಿನೊಂದಿಗೆ ಕೂತಿರುತ್ತವೆ. ನಿಜವಾದ ಖರ್ಚು ಮಾತ್ರ ಆ 50 ರೂಪಾಯಿ. ಕಮಿಷನ್ ಮೇಲಿನ 9 ರೂಪಾಯಿ ಇನ್‌ಪುಟ್ ಕ್ರೆಡಿಟ್ ಆಗಿ, ಅಂದರೆ ತಾವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳುವ ಮೊತ್ತವಾಗಿ ಬರುತ್ತದೆ. 50 ಪೈಸೆ ಫಾರಂ 26ಎಎಸ್‌ನಲ್ಲಿ ಕಾಣಿಸಿಕೊಂಡು ಆದಾಯ ತೆರಿಗೆ ರಿಟರ್ನ್‌ನಲ್ಲಿ ಹೊಂದಿಕೆಯಾಗುತ್ತದೆ. 2.50 ರೂಪಾಯಿ ಸೇರಬೇಕಾದದ್ದು ಜಿಎಸ್‌ಟಿ ಪೋರ್ಟಲ್‌ನಲ್ಲಿ ಮಾರಾಟಗಾರರ ನಗದು ಖಾತೆಯಾದ ಕ್ಯಾಷ್ ಲೆಡ್ಜರ್‌ಗೆ. ಅದನ್ನು ಇನ್‌ಪುಟ್ ಕ್ರೆಡಿಟ್ ಎಂದು ಜಿಎಸ್‌ಟಿ ಕಟ್ಟುವ ರಿಟರ್ನ್ ಆದ 3ಬಿಯಲ್ಲಿ ತುಂಬುವುದು ನಾವು ಆಗಾಗ ಕಾಣುವ ತಪ್ಪು.

ಟಿಸಿಎಸ್ ದರ 2024ರ ಜುಲೈ 10ರಿಂದ ಶೇ 0.5. ಅದಕ್ಕೂ ಮೊದಲು ಶೇ 1 ಇತ್ತು. ಹಳೆಯ ಎಕ್ಸೆಲ್ ಹಾಳೆಯಲ್ಲಿ ಇನ್ನೂ ಶೇ 1ರ ಸೂತ್ರವೇ ಉಳಿದಿದ್ದರೆ ಅರ್ಧ ಹಣ ಕಾಣೆಯಾಗಿದೆ ಎಂದು ಸುಮ್ಮನೆ ಗಾಬರಿಯಾಗುತ್ತದೆ. ಕರ್ನಾಟಕದೊಳಗಿನ ಗಿರಾಕಿಯಾದರೆ ಇದು `TCS-CGST`, `TCS-SGST` ಎಂದು ತಲಾ ಶೇ 0.25ರಂತೆ ಒಡೆಯುತ್ತದೆ. ಹೊರರಾಜ್ಯಕ್ಕೆ ಹೋದರೆ ಪೂರ್ತಿ `TCS-IGST`. ಲೆಕ್ಕ ಹಾಕುವುದು 525ರ ಮೇಲಲ್ಲ, ಜಿಎಸ್‌ಟಿ ಬಿಟ್ಟ 500ರ ಮೇಲೆ, ಅದೂ ಆ ತಿಂಗಳು ವಾಪಸ್ ಬಂದ ಮಾಲನ್ನು ಕಳೆದ ಮೇಲೆ.

ಗೊಂದಲ ಶುರುವಾಗುವುದು ತಿಂಗಳ ಲೆಕ್ಕ ತಾಳೆ ನೋಡುವಾಗ. ಜೂನ್‌ನಲ್ಲಿ 200 ಕಾಲೊರಸು ಹೋಗಿ 40 ವಾಪಸ್ ಬಂದವು ಎನ್ನಿ. ನಿವ್ವಳ 160, ಮೌಲ್ಯ 80,000, ಟಿಸಿಎಸ್ 400 ರೂಪಾಯಿ. ಆದರೆ ಜೂನ್‌ನಲ್ಲಿ ಬಂದ ಸೆಟ್ಲ್‌ಮೆಂಟ್‌ಗಳನ್ನು ಕೂಡಿದರೆ 430 ಬರುತ್ತದೆ. ಕಾರಣ ಸರಳ: ಮೊದಲ ಸೆಟ್ಲ್‌ಮೆಂಟ್‌ನಲ್ಲಿ ಮೇ ಕೊನೆಯ 20 ಕಾಲೊರಸಿನ 50 ರೂಪಾಯಿ ಸೇರಿಕೊಂಡಿದೆ, ಜೂನ್ ಕೊನೆಯ 8 ಕಾಲೊರಸಿನ 20 ರೂಪಾಯಿ ಜುಲೈಗೆ ಜಾರಿದೆ. ಸೆಟ್ಲ್‌ಮೆಂಟ್‌ಗೆ ಅದರದೇ ವಾರದ ಲೆಕ್ಕ, ಜಿಎಸ್‌ಟಿಗೆ ಕ್ಯಾಲೆಂಡರ್ ತಿಂಗಳು. ಹಾಗಾಗಿ ತಾಳೆ ನೋಡಬೇಕಾದದ್ದು ಮಾರುಕಟ್ಟೆಯವರೇ ಪ್ರತ್ಯೇಕವಾಗಿ ಕೊಡುವ ಮಾಸಿಕ ತೆರಿಗೆ ವರದಿಯ ಜತೆ. ಹೊರರಾಜ್ಯದ ಗೋದಾಮಿನಲ್ಲಿ ಮಾಲಿಟ್ಟು ಅಲ್ಲಿಯ ಜಿಎಸ್‌ಟಿ ನೋಂದಣಿಯಲ್ಲಿ ಮಾರಿದ್ದಾದರೆ ಅದರ ಟಿಸಿಎಸ್ ಆ ನೋಂದಣಿಯಡಿಯೇ ಬರುತ್ತದೆ. ಕರ್ನಾಟಕದ ಖಾತೆಯಲ್ಲಿ ಎಷ್ಟು ಹುಡುಕಿದರೂ ಸಿಗದು.

ಕಂಪನಿ ಮುಂದಿನ ತಿಂಗಳ 10ರೊಳಗೆ ಟಿಸಿಎಸ್ ವಿವರದ ರಿಟರ್ನ್ ಆದ ಜಿಎಸ್‌ಟಿಆರ್-8 ಸಲ್ಲಿಸಬೇಕು. ಆಮೇಲೆ ಮಾರಾಟಗಾರರು ಜಿಎಸ್‌ಟಿ ಪೋರ್ಟಲ್‌ನ ರಿಟರ್ನ್ಸ್ ಡ್ಯಾಶ್‌ಬೋರ್ಡ್‌ನಲ್ಲಿ `TDS and TCS credit received` ತೆರೆದು, ಮೊತ್ತ ನೋಡಿ, `Accept` ಒತ್ತಿ, ಫೈಲ್ ಮಾಡಬೇಕು. ಇದು ತಾನಾಗಿ ಆಗುವ ಕೆಲಸವಲ್ಲ. ಒತ್ತದಿದ್ದರೆ ಹಣ ಅಲ್ಲೇ ಬಿದ್ದಿರುತ್ತದೆ. ತಿಂಗಳಿಗೊಮ್ಮೆ 3ಬಿ ಸಲ್ಲಿಸುವವರು 20ನೇ ತಾರೀಕಿನ ಮೊದಲೇ ಇದನ್ನು ಮುಗಿಸಿಕೊಂಡರೆ ಅದೇ ತಿಂಗಳ ತೆರಿಗೆ ಕಟ್ಟಲು ಬಳಸಬಹುದು. ಮೇಲಿನ 30 ರೂಪಾಯಿ ವ್ಯತ್ಯಾಸ ಕಂಡು `Reject` ಒತ್ತಿದರೆ ಸರಿಯಾಗಿದ್ದ 400 ರೂಪಾಯಿಗೂ ಮತ್ತೆ ಕಂಪನಿ ತಿದ್ದುವವರೆಗೆ ಕಾಯಬೇಕು.

ಇನ್ನೊಂದು ಮಾತು. ನಮ್ಮ ಕಡೆಯ ಮಾಲು ಹೆಚ್ಚಾಗಿ ಹೊರರಾಜ್ಯಕ್ಕೆ ಹೋದರೆ ಕ್ಯಾಷ್ ಲೆಡ್ಜರ್‌ನಲ್ಲಿ ಹಣ ಐಜಿಎಸ್‌ಟಿ ತಲೆಬರಹದಡಿ ಕೂಡುತ್ತದೆ. ಕಟ್ಟಬೇಕಾದದ್ದು ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಆಗಿದ್ದರೆ ಆ ನಗದು ನೇರವಾಗಿ ಕೆಲಸಕ್ಕೆ ಬಾರದು. ಪಿಎಂಟಿ-09 ಫಾರಂ ತುಂಬಿ ಬೇಕಾದ ತಲೆಬರಹಕ್ಕೆ ವರ್ಗಾಯಿಸಿಕೊಳ್ಳಬೇಕು.

ಸೆಟ್ಲ್‌ಮೆಂಟ್ ವರದಿಯ ಪ್ರತಿ ಟಿಸಿಎಸ್ ಸಾಲಿನ ಪಕ್ಕದಲ್ಲೇ 'ಯಾವ ತಿಂಗಳ ಜಿಎಸ್‌ಟಿಆರ್-8' ಎಂದು ಒಂದು ಕಾಲಂ ಕೊಡಲು ಆನ್‌ಲೈನ್ ಮಾರುಕಟ್ಟೆ ಕಂಪನಿಗಳಿಗೆ ಕಷ್ಟವೇನಿಲ್ಲ. ಆ ಮಾಹಿತಿ ಅವರ ಬಳಿ ಇದ್ದೇ ಇರುತ್ತದೆ. ಜಿಎಸ್‌ಟಿ ಅಧಿಕಾರಿಗಳು ಅದನ್ನು ಕೇಳಿ ಮಾಡಿಸಬೇಕು.

— ತೆರಿಗೆ ಸಲಹೆಗಾರರು, ತುಮಕೂರು