ವಿದೇಶದಲ್ಲಿ ಸಹಿಯಾಗುವ ಪತ್ರಗಳ ಅಪೊಸ್ಟೀಲ್ ಕುರಿತು
ಸದಸ್ಯರ ಗಮನಕ್ಕೆ: ವಿದೇಶದಿಂದ ಇಲ್ಲಿನ ನ್ಯಾಯಾಲಯಕ್ಕೆ ಕಳುಹಿಸುವ ಅಫಿಡವಿಟ್ ಅಥವಾ ಪವರ್ ಆಫ್ ಅಟಾರ್ನಿಗೆ ಮನೆಯಲ್ಲೇ ಸಹಿ ಹಾಕಿಡದೆ, ನೋಟರಿಯ ಎದುರಿನಲ್ಲಿಯೇ ಸಹಿ ಮಾಡತಕ್ಕದ್ದು. ಇಂಥ ಪತ್ರಕ್ಕೆ ಲಗತ್ತಿಸುವ ಸರ್ಕಾರಿ ಪ್ರಮಾಣಪತ್ರವಾದ ಅಪೊಸ್ಟೀಲ್ ದೃಢೀಕರಿಸುವುದು ಆ ನೋಟರಿಯ ಸಹಿ, ಹುದ್ದೆ ಮತ್ತು ಮುದ್ರೆಯನ್ನೇ ಹೊರತು ಪತ್ರದ ಒಕ್ಕಣೆಯನ್ನಲ್ಲ. ಆದ್ದರಿಂದ ಅದನ್ನು ನೋಟರಿಯನ್ನು ನೇಮಿಸಿದ ಆಡಳಿತದ ಕಡೆಯಿಂದಲೇ ಪಡೆಯಬೇಕು. ಉದಾಹರಣೆಗೆ, ಟೆಕ್ಸಾಸ್ ನೋಟರಿಯ ಮುಂದೆ ಸಹಿಯಾದ ಪತ್ರಕ್ಕೆ ಟೆಕ್ಸಾಸ್‌ನ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಯೇ ಅಪೊಸ್ಟೀಲ್ ಕೊಡಬೇಕು. ಸಹಿದಾರರು ಈಗ ಕ್ಯಾಲಿಫೋರ್ನಿಯಾದಲ್ಲಿದ್ದಾರೆಂದು ಅಲ್ಲಿನ ಕಚೇರಿಗೆ ಒಯ್ದರೆ ಕೆಲಸ ಆಗುವುದಿಲ್ಲ. ಎರಡು ದೇಶಗಳ ನಡುವೆ ಅಪೊಸ್ಟೀಲ್ ಪದ್ಧತಿಯನ್ನು ರೂಪಿಸಿದ 1961ರ ಹೇಗ್ ಒಪ್ಪಂದ ಜಾರಿಯಲ್ಲಿಲ್ಲದಿದ್ದರೆ, ಸಾಮಾನ್ಯವಾಗಿ ಮೊದಲು ಸಹಿಯಾದ ದೇಶದ ವಿದೇಶಾಂಗ ಇಲಾಖೆಯ, ಬಳಿಕ ಪತ್ರ ಬಳಕೆಯಾಗುವ ದೇಶದ ದೂತಾವಾಸದ ದೃಢೀಕರಣ ಬೇಕಾಗುತ್ತದೆ. ಸ್ಕ್ಯಾನ್ ಮಾಡಲೆಂದು ಅಪೊಸ್ಟೀಲ್ ಹಾಳೆಯ ಪಿನ್ ಬಿಚ್ಚಬೇಡಿ. ಎದುರು ಪಕ್ಷದ ವಕೀಲರಿಗೆ ತಕರಾರು ತೆಗೆಯಲು ಅಷ್ಟೇ ಸಾಕು.