ಖಾತೆ ಅಳಿಸಿದರೂ ನಿಲ್ಲದ ಚಂದಾ: ದೂರು

ಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ

ವಿಷಯ: ಖಾತೆ ಅಳಿಸಿದ ಮೇಲೂ ಮೂರು ತಿಂಗಳು ಹಣ ಕಡಿತವಾದ ಬಗ್ಗೆ

ಮಾನ್ಯರೇ,

ಕಳೆದ ವರ್ಷ ಮಗನಿಗಾಗಿ ನಮ್ಮ ಯಜಮಾನರ ಐಫೋನಿನಲ್ಲಿ ನಿಮ್ಮ ಗಣಿತದ ಆ್ಯಪ್ ಹಾಕಿಕೊಂಡು, ಅದರೊಳಗೇ ತಿಂಗಳಿಗೆ ₹399ರ ಚಂದಾ ಮಾಡಿದ್ದೆವು. ಆಮೇಲೆ ಅವರು ಆಂಡ್ರಾಯ್ಡ್ ಫೋನ್ ತಗೊಂಡರು. ಅದೇ ಇಮೇಲ್ ಕೊಟ್ಟು ಲಾಗಿನ್ ಆದರೆ ಪಾಠಗಳೆಲ್ಲ ಹಾಗೇ ಬಂದವು. ಹಾಗಾಗಿ ಚಂದಾ ಮಾತ್ರ ಹಳೆಯ ಫೋನಿನ ಆ್ಯಪ್ ಸ್ಟೋರ್‌ನಲ್ಲೇ ಉಳಿದಿದೆ ಅನ್ನುವುದು ನಮಗೆ ಹೊಳೆಯಲೇ ಇಲ್ಲ.

ಮಗ ಟ್ಯೂಷನ್ ಸೇರಿದ ಮೇಲೆ ಚಂದಾ ನಿಲ್ಲಿಸೋಣವೆಂದು ನಿಮ್ಮ ವೆಬ್‌ಸೈಟ್ ತೆರೆದೆ. ರದ್ದು ಮಾಡುವ ಬಟನ್ನೇ ಇಲ್ಲ. "ಖರೀದಿಸಿದ ಕಡೆಯೇ ರದ್ದುಮಾಡಿ" ಎಂಬ ಒಂದು ಸಾಲು, ಅಷ್ಟೇ. ನಿಮ್ಮ ಸಿಬ್ಬಂದಿಗೆ ಫೋನ್ ಮಾಡಿದರೆ ಪ್ಲೇ ಸ್ಟೋರ್ ನೋಡಿ ಅಂದರು. ಅಲ್ಲಿ ಚಂದಾಗಳ ಪಟ್ಟಿ ಖಾಲಿ. ಕೊನೆಗೆ ಖಾತೆಯನ್ನೇ ಅಳಿಸಿದೆ. ಮುಂದಿನ ತಿಂಗಳು ಮತ್ತೆ ₹399 ಹೋಯಿತು, ಅದರಾಚೆಗೂ ಎರಡು ತಿಂಗಳು. ಒಟ್ಟು ₹1,197.

ಬ್ಯಾಂಕಿನ ಮೆಸೇಜನ್ನು ಸರಿಯಾಗಿ ಓದಿದಾಗಲೇ ಗೊತ್ತಾಗಿದ್ದು: ಯುಪಿಐ ಆಟೋಪೇಯಲ್ಲಿ ಹಣ ಪಡೆದವರ ಹೆಸರು ನಿಮ್ಮದಲ್ಲ, ಆ್ಯಪಲ್‌ನದು. ಬೀರುವಿನಲ್ಲಿದ್ದ ಹಳೆಯ ಐಫೋನ್ ಚಾರ್ಜ್‌ಗೆ ಹಾಕಿ, Settings ತೆರೆದು, ಮೇಲಿದ್ದ ಯಜಮಾನರ ಹೆಸರು ಒತ್ತಿ, Subscriptions ಒಳಗೆ ಹೋದರೆ ನಿಮ್ಮ ಆ್ಯಪ್ ಅಲ್ಲಿತ್ತು. Cancel Subscription ಒತ್ತಿದೆ. ಎರಡು ನಿಮಿಷದ ಕೆಲಸ.

ಆ್ಯಪ್ ಸ್ಟೋರ್‌ನಲ್ಲಿ ಮಾಡಿದ ಚಂದಾವನ್ನು ನೀವು ರದ್ದು ಮಾಡಲಾಗದು ಎಂಬುದನ್ನು ಒಪ್ಪುತ್ತೇನೆ. ಪಾವತಿಯ ಒಪ್ಪಿಗೆ ನಾವು ಆ್ಯಪಲ್‌ಗೆ ಕೊಟ್ಟದ್ದು, ಅದನ್ನು ಹಿಂತೆಗೆಯುವ ದಾರಿ ನಿಮ್ಮ ಕೈಯಲ್ಲಿಲ್ಲ. ಆದರೆ ಚಂದಾ ಎಲ್ಲಿಯದೆಂದು ನಿಮಗೆ ಗೊತ್ತಿತ್ತು. ಆ್ಯಪಲ್‌ನ ರಸೀದಿ ಪರಿಶೀಲಿಸಿಯೇ ಅಲ್ಲವೇ ನಿಮ್ಮ ಸರ್ವರ್ ಮಗನಿಗೆ ಪಾಠ ತೆರೆದುಕೊಟ್ಟದ್ದು? ಹಾಗಿದ್ದೂ ನಿಮ್ಮ ಸಿಬ್ಬಂದಿ ನನ್ನನ್ನು ತಪ್ಪು ಅಂಗಡಿಗೆ ಕಳಿಸಿದರು. ಖಾತೆ ಅಳಿಸುವಾಗ, ಚಂದಾ ಬೇರೆಯಾಗಿ ರದ್ದು ಮಾಡದಿದ್ದರೆ ಹಣ ಕಡಿತ ಮುಂದುವರಿಯುತ್ತದೆ ಎಂದು ಬಳಕೆದಾರರಿಗೆ ತಿಳಿಸಿ ಅಂತ ಆ್ಯಪಲ್ ತನ್ನ ಡೆವಲಪರ್‌ಗಳಿಗೆ ಹೇಳುತ್ತದೆ. ನಿಮ್ಮ ಪುಟ ಕೇಳಿದ್ದು ಒಂದೇ, "ಖಚಿತವೇ?" ಎಂದು.

ಮರುಪಾವತಿಗೆ reportaproblem.apple.com ನಲ್ಲಿ ಅರ್ಜಿ ಹಾಕಿದ್ದೇನೆ. ಆ ತೀರ್ಮಾನ ಆ್ಯಪಲ್‌ನದು. ಅವರು ಬಳಕೆಯ ವಿವರ ಕೇಳಿದರೆ, ಖಾತೆ ಅಳಿಸಿದ ದಿನದಿಂದ ಒಂದು ಪಾಠವೂ ತೆರೆದಿಲ್ಲವೆಂದು ದಯವಿಟ್ಟು ತಿಳಿಸಿ. ಅರ್ಜಿ ತಿರಸ್ಕೃತವಾದರೆ ₹1,197 ಅನ್ನು ನೀವೇ ಹಿಂದಿರುಗಿಸಬೇಕು. ಜೊತೆಗೆ, ಚಂದಾ ಯಾವ ಸ್ಟೋರಿನದು ಎಂಬುದನ್ನು ಖಾತೆಯ ಪುಟದಲ್ಲೂ ಅಳಿಸುವ ಪುಟದಲ್ಲೂ ಹೆಸರು ಹಿಡಿದು ತೋರಿಸಿ.

ಮೂರೂ ಕಡಿತಗಳ ಬ್ಯಾಂಕ್ ಮೆಸೇಜ್, ಆ್ಯಪಲ್‌ನ ರಸೀದಿ ಮತ್ತು ಖಾತೆ ಅಳಿಸಿದ್ದಕ್ಕೆ ನೀವು ಕಳಿಸಿದ ಇಮೇಲ್ ಲಗತ್ತಿಸಿದ್ದೇನೆ. ಹದಿನೈದು ದಿನದೊಳಗೆ ಲಿಖಿತ ಉತ್ತರ ಕೊಡಿ.

ಇಂತಿ,
ನಿಮ್ಮ ಗ್ರಾಹಕಿ