ಗ್ರೀನ್‌ಲ್ಯಾಂಡ್ ಲೆಕ್ಕ: ಅನುಷಾಗೆ ದೊಡ್ಡಪ್ಪನ ಪತ್ರ

ಚಿತ್ರದುರ್ಗ

ಚಿ. ಅನುಷಾಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ. ಕಾಲೇಜಿನ ಚಾರ್ಟ್‌ಗೆ ನೀನು ಮಾಡಿರುವ ಲೆಕ್ಕದ ಫೋಟೊ ಬಂತು. ಭೂಪಟದ ಮೇಲೆ ಗ್ರಾಫ್ ಹಾಳೆ ಇಟ್ಟು ಮನೆ ಎಣಿಸಿದ್ದೀಯ. ಅದೂ ಅಕ್ಷಾಂಶದ ಐದೈದು ಡಿಗ್ರಿಗೆ ಒಂದೊಂದು ಪಟ್ಟಿಯಂತೆ ಬೇರೆ ಬೇರೆ ಬರೆದಿದ್ದೀಯ. ನಾನು ಸರ್ವೆ ಕೆಲಸದಲ್ಲಿ ತಲೆ ನರೆಸಿಕೊಂಡವನು, ಇಂಥ ಕಾಗದ ನೋಡಿದರೆ ಖುಷಿಯಾಗುತ್ತದೆ. ಎಣಿಕೆಯಲ್ಲಿ ತಪ್ಪಿಲ್ಲ. ತಪ್ಪಿರುವುದು ಕೊನೆಯ ಸಾಲಿನಲ್ಲಿ: "ಗ್ರೀನ್‌ಲ್ಯಾಂಡ್ ಭಾರತದ ಎಂಟೂವರೆ ಪಟ್ಟು." ಆ ಸಾಲನ್ನು ಚಾರ್ಟ್ ಮೇಲೆ ಬರೆಯುವ ಮುಂಚೆ ಇದನ್ನು ಓದು.

ನಿನ್ನ ಭೂಪಟ 40 ಸೆಂ.ಮೀ. ಅಗಲ ಇದೆ. ಸಮಭಾಜಕ ವೃತ್ತದ ಸುತ್ತಳತೆ ಸುಮಾರು 40,000 ಕಿ.ಮೀ. ಹಾಗಾಗಿ ಒಂದು ಮಿ.ಮೀ. ಅಂದರೆ 100 ಕಿ.ಮೀ., ಒಂದು ಚಿಕ್ಕ ಮನೆ ಅಂದರೆ 10,000 ಚದರ ಕಿ.ಮೀ. ಎಂದು ಹಿಡಿದಿದ್ದೀಯ. ಭಾರತಕ್ಕೆ 390 ಮನೆ ಬಂದಿದೆ, ಗ್ರೀನ್‌ಲ್ಯಾಂಡ್‌ಗೆ 3,335. ಆ ಲೆಕ್ಕದಲ್ಲಿ ಗ್ರೀನ್‌ಲ್ಯಾಂಡ್ 333 ಲಕ್ಷ ಚದರ ಕಿ.ಮೀ. ಆಗುತ್ತದೆ. ಇಡೀ ಆಫ್ರಿಕಾ ಖಂಡವೇ ಸುಮಾರು 303 ಲಕ್ಷ! ಅಲ್ಲೇ ನಿನಗೆ ಅನುಮಾನ ಬರಬೇಕಿತ್ತು. ಭಾರತದ್ದು ಮಾತ್ರ 39 ಲಕ್ಷ ಬಂದಿದೆ. ನಿಜವಾಗಿ ಇರುವುದು 32.87 ಲಕ್ಷ. ಸ್ವಲ್ಪ ಜಾಸ್ತಿ ಅಷ್ಟೇ ಅಲ್ವಾ, ಎಣಿಕೆಯಲ್ಲಿ ಹೆಚ್ಚುಕಮ್ಮಿ ಆಗಿರಬಹುದು ಎಂದುಕೊಂಡು ಮುಂದೆ ಹೋಗಿರುತ್ತೀಯ. ಆ ಸ್ವಲ್ಪ ಜಾಸ್ತಿಗೂ ಗ್ರೀನ್‌ಲ್ಯಾಂಡಿನ ಅತಿ ಜಾಸ್ತಿಗೂ ಕಾರಣ ಒಂದೇ.

ಗೋಳದ ಮೇಲೆ ರೇಖಾಂಶಗಳು ಧ್ರುವದ ಕಡೆ ಹೋದಂತೆ ಹತ್ತಿರವಾಗುತ್ತಾ ಕೊನೆಗೆ ಒಂದೇ ಬಿಂದುವಿನಲ್ಲಿ ಸೇರುತ್ತವೆ. ಸಮಭಾಜಕದ ಮೇಲೆ ಒಂದು ಡಿಗ್ರಿ ಅಂತರದ ಎರಡು ರೇಖಾಂಶಗಳ ನಡುವೆ 111 ಕಿ.ಮೀ. ನೆಲ ಇದೆ. ನಮ್ಮ ದಾವಣಗೆರೆಯ ಹತ್ತಿರ ಅದು ಸುಮಾರು 108. 60 ಡಿಗ್ರಿ ಅಕ್ಷಾಂಶಕ್ಕೆ ಹೋದರೆ ಬರೀ 56. ನಿನ್ನ ಭೂಪಟದಲ್ಲಿ ನೋಡು, ಆ ಗೆರೆಗಳು ಮೇಲಿಂದ ಕೆಳಗಿನವರೆಗೆ ನೆಟ್ಟಗೆ, ಒಂದೇ ಅಂತರದಲ್ಲಿ ನಿಂತಿವೆ. ಅಂದರೆ 60 ಡಿಗ್ರಿಯಲ್ಲಿರುವ 56 ಕಿ.ಮೀ. ನೆಲವನ್ನು 111 ಕಿ.ಮೀ. ಜಾಗದಷ್ಟು ಅಗಲಕ್ಕೆ ಎಳೆದು ಕೂರಿಸಿದ್ದಾರೆ. ಪೂರ್ವ-ಪಶ್ಚಿಮ ಎರಡು ಪಟ್ಟು ಹಿಗ್ಗಿತು.

ಅಷ್ಟಕ್ಕೇ ಬಿಟ್ಟಿದ್ದರೆ ಊರು ಕೇರಿಗಳೆಲ್ಲ ಅಡ್ಡಡ್ಡ ಚಪ್ಪಟೆಯಾಗಿ ಕಾಣುತ್ತಿದ್ದವು. 1569ರಲ್ಲಿ ಈ ಭೂಪಟ ಮಾಡಿದ ಮರ್ಕೇಟರ್ ಹಾಗೆ ಬಿಡಲಿಲ್ಲ. ಅಗಲ ಎಷ್ಟು ಹಿಗ್ಗಿತೋ ಅಷ್ಟನ್ನೇ ಉದ್ದಕ್ಕೂ ಹಿಗ್ಗಿಸಿದ. ಅವನ ಗಿರಾಕಿಗಳು ನಾವಲ್ಲ, ಹಡಗಿನವರು. ದಿಕ್ಸೂಚಿಯ ಒಂದೇ ಕೋನ ಹಿಡಿದು ಹೊರಟರೆ ಆ ದಾರಿ ಭೂಪಟದ ಮೇಲೆ ನೇರ ಗೆರೆಯಾಗಿ ಬರಬೇಕು, ಅವರಿಗೆ ಬೇಕಾದದ್ದು ಅಷ್ಟೇ. ಉದ್ದ ಅಗಲ ಎರಡೂ ಒಂದೇ ಪ್ರಮಾಣದಲ್ಲಿ ಹಿಗ್ಗಿದರೆ ಕೋನ ಕೆಡುವುದಿಲ್ಲ. ಕೆಡುವುದು ವಿಸ್ತೀರ್ಣ. 60 ಡಿಗ್ರಿಯಲ್ಲಿ ಎರಡೆರಡಲೆ ನಾಲ್ಕು ಪಟ್ಟು. 75ರಲ್ಲಿ ಸುಮಾರು 15 ಪಟ್ಟು. 80ರಲ್ಲಿ 33 ಪಟ್ಟು. ಧ್ರುವದಲ್ಲಂತೂ ಲೆಕ್ಕ ಅನಂತಕ್ಕೆ ಹೋಗುತ್ತದೆ, ಅದಕ್ಕೇ ಈ ಭೂಪಟದಲ್ಲಿ ಧ್ರುವ ತೋರಿಸಲು ಆಗುವುದೇ ಇಲ್ಲ. ನೀನು ಪ್ರಿಂಟ್ ತೆಗೆಸಿದ ಇಂಟರ್‌ನೆಟ್ ಭೂಪಟ 85 ಡಿಗ್ರಿ ದಾಟುತ್ತಿದ್ದಂತೆ ನಿಂತುಬಿಡುತ್ತದೆ. ಅಲ್ಲಿಗೆ ಕತ್ತರಿಸಿದರೆ ಭೂಪಟ ಸರಿಯಾಗಿ ಚೌಕವಾಗುತ್ತದೆ, ಕಂಪ್ಯೂಟರ್‌ನವರಿಗೆ ಅನುಕೂಲ.

ನಮ್ಮ ಕಸುಬಿನ ಮಾತಿನಲ್ಲಿ ಹೇಳುತ್ತೇನೆ. ಹಿಂದೆ ನಾವು 33 ಅಡಿ ಸರಪಳಿ ಹಿಡಿದು ಹೊಲ ಅಳೆಯುತ್ತಿದ್ದೆವು. ಒಂದು ಚದರ ಸರಪಳಿ ಒಂದು ಗುಂಟೆ. ಉತ್ತರಕ್ಕೆ ಹೆಜ್ಜೆ ಇಟ್ಟಂತೆಲ್ಲ ಆ ಸರಪಳಿ ಕುಗ್ಗುತ್ತಾ ಹೋದರೆ ಏನಾಗುತ್ತದೆ? ಸರಪಳಿ ಎಷ್ಟು ಸಲ ಬಿತ್ತು ಎಂಬ ಎಣಿಕೆ ಸರಿಯಾಗಿಯೇ ಇರುತ್ತದೆ, ಗುಂಟೆ ಮಾತ್ರ ಸುಳ್ಳಾಗುತ್ತದೆ. ನಿನ್ನ ಒಂದು ಮಿ.ಮೀ. ಹಾಗೆಯೇ. ಸಮಭಾಜಕದಲ್ಲಿ ಅದು 100 ಕಿ.ಮೀ., 60 ಡಿಗ್ರಿಯಲ್ಲಿ 50, 75ರಲ್ಲಿ 26, 80ರಲ್ಲಿ 17.

ಇನ್ನು ನಿನ್ನ ಲೆಕ್ಕ ಸರಿಮಾಡೋಣ. ಹೊಸದಾಗಿ ಎಣಿಸುವುದು ಬೇಡ. ಪಟ್ಟಿ ಪಟ್ಟಿಯಾಗಿ ಬರೆದದ್ದು ಈಗ ಉಪಯೋಗಕ್ಕೆ ಬಂತು. ಪ್ರತಿ ಪಟ್ಟಿಯ ಮಧ್ಯದ ಅಕ್ಷಾಂಶ ತಗೋ. ಅದರ cos ಕಂಡುಹಿಡಿ, ಅಲ್ಲಿ ಸರಪಳಿ ಎಷ್ಟಕ್ಕೆ ಕುಗ್ಗಿದೆ ಎಂದು ಹೇಳುವುದು ಅದೇ. ಉದ್ದ ಅಗಲ ಎರಡಕ್ಕೂ ಬೇಕಲ್ಲ, ಅದನ್ನು ಅದರಿಂದಲೇ ಗುಣಿಸು. ಆ ಪಟ್ಟಿಯ ಮನೆಗಳನ್ನು ಅದರಿಂದ ಗುಣಿಸು, ಮುಗೀತು. 70ರಿಂದ 75 ಡಿಗ್ರಿಯ ಪಟ್ಟಿಯಲ್ಲಿ ನಿನಗೆ 690 ಮನೆ ಸಿಕ್ಕಿದೆ. ಮಧ್ಯ 72.5, ಅದರ cos 0.3007, ವರ್ಗ ಮಾಡಿದರೆ 0.0904. ಗುಣಿಸಿದರೆ 62 ಮನೆ. ಅದರ ಮೇಲಿನ 75ರಿಂದ 80ರ ಪಟ್ಟಿಯಲ್ಲಿ 1,320 ಮನೆ ಬರೆದಿದ್ದೀಯ. ಅಲ್ಲಿ ಗುಣಿಸಬೇಕಾದದ್ದು 0.0468ರಿಂದ. ಅದೂ 62 ಮನೆಯೇ! ಭೂಪಟದಲ್ಲಿ ಒಂದು ಪಟ್ಟಿ ಇನ್ನೊಂದರ ಎರಡರಷ್ಟು ಕಾಣುತ್ತದೆ, ನೆಲದ ಮೇಲೆ ಎರಡೂ ಸಮ.

ಉಳಿದ ಪಟ್ಟಿಗಳನ್ನೂ ನಾನು ಹಾಗೇ ಮಾಡಿ ಕೂಡಿದೆ. ಎಲ್ಲಕ್ಕಿಂತ ಮೇಲಿನ ಪಟ್ಟಿಯಲ್ಲಿ ಒಂದು ಎಚ್ಚರ ಇರಲಿ. ಗ್ರೀನ್‌ಲ್ಯಾಂಡ್ 83.5 ಡಿಗ್ರಿ ಹತ್ತಿರ ಮುಗಿಯುತ್ತದೆ, ಅದರಲ್ಲೂ ಹೆಚ್ಚು ನೆಲ ಇರುವುದು 80ರ ಕಡೆಗೆ. ಹಾಗಾಗಿ ಸುಮ್ನೆ 82.5 ಎಂದು ಹಿಡಿಯಬೇಡ, 81.5 ಹಿಡಿ. ಅಷ್ಟು ಮೇಲೆ ಒಂದು ಡಿಗ್ರಿ ಆಚೀಚೆಯಾದರೂ ಉತ್ತರ ತುಂಬಾ ಬದಲಾಗುತ್ತದೆ. ಪಟ್ಟಿ ಇನ್ನೂ ಸಣ್ಣದಿದ್ದಷ್ಟೂ ಲೆಕ್ಕ ನಿಖರ. ಒಟ್ಟು ಬಂದದ್ದು 216 ಮನೆ, ಅಂದರೆ 21.6 ಲಕ್ಷ ಚದರ ಕಿ.ಮೀ. ಗ್ರೀನ್‌ಲ್ಯಾಂಡಿನ ವಿಸ್ತೀರ್ಣ ಎಂದು ಪುಸ್ತಕಗಳಲ್ಲಿ ಕೊಡುವುದು 21.66 ಲಕ್ಷ. ಭಾರತದ ಪಟ್ಟಿಗಳಿಗೂ ಇದೇ ಲೆಕ್ಕ ಹಾಕಿದರೆ 390 ಮನೆ 328ಕ್ಕೆ ಇಳಿಯಿತು. ಈಗ ಹೇಳು, ಯಾವುದು ದೊಡ್ಡದು? ಭಾರತವೇ, ಒಂದೂವರೆ ಪಟ್ಟು. 3,335 ಮನೆಯಲ್ಲಿ ಉಳಿದದ್ದು 216. ನಮ್ಮ ಕಡೆ ಮನೆಗಳು ಅಷ್ಟೇನೂ ಕರಗಲಿಲ್ಲ.

ಈ cos ವರ್ಗದ ಲೆಕ್ಕವನ್ನು ಕಂಡ ಕಂಡ ಭೂಪಟಕ್ಕೆಲ್ಲ ಹಾಕಬೇಡ. ಅದು ಮರ್ಕೇಟರ್‌ಗೆ ಮಾತ್ರ. ಯಾವ ಭೂಪಟ ಎಂದು ಗುರುತಿಸಲು ಅಡ್ಡ ಗೆರೆಗಳನ್ನು ನೋಡು. ನಿನ್ನದರಲ್ಲಿ 0ರಿಂದ 10 ಡಿಗ್ರಿಯ ಅಂತರ 11 ಮಿ.ಮೀ., 60ರಿಂದ 70ಕ್ಕೆ 27, 70ರಿಂದ 80ಕ್ಕೆ 45 ಇರುತ್ತದೆ, ಸ್ಕೇಲ್ ಇಟ್ಟು ನೋಡು. ಹೀಗೆ ಮೇಲೆ ಹೋದಂತೆ ಅಂತರ ಬೆಳೆದರೆ ಅದು ಮರ್ಕೇಟರ್ ಇರಬಹುದು. ನೆಟ್ಟಗಿನ ರೇಖಾಂಶಗಳ ಜೊತೆ ಅಡ್ಡ ಗೆರೆಗಳೂ ಎಲ್ಲ ಕಡೆ ಸಮ ಅಂತರದಲ್ಲಿದ್ದರೆ ಅಲ್ಲಿ ಹಿಗ್ಗಿರುವುದು ಅಗಲ ಮಾತ್ರ, cos ಅನ್ನು ಒಂದೇ ಸಲ ಗುಣಿಸಿದರೆ ಸಾಕು. ಮೇಲೆ ಹೋದಂತೆ ಅಂತರ ಕಿರಿದಾಗುವ ಭೂಪಟವೂ ಒಂದಿದೆ, 1772ರಲ್ಲಿ ಲ್ಯಾಂಬರ್ಟ್ ಮಾಡಿದ್ದು. ಅಗಲ ಹಿಗ್ಗಿದಷ್ಟು ಎತ್ತರವನ್ನು ಕುಗ್ಗಿಸಿ ವಿಸ್ತೀರ್ಣ ಉಳಿಸಿಕೊಂಡ. ಅದರ ಮೇಲೆ ನೇರವಾಗಿ ಮನೆ ಎಣಿಸಬಹುದು. ಆದರೆ ಗ್ರೀನ್‌ಲ್ಯಾಂಡ್ ಅಲ್ಲಿ ತುಳಿದು ಚಪ್ಪಟೆ ಮಾಡಿದ ಹಾಗೆ ಕಾಣುತ್ತದೆ. ನೋಡಲೂ ಚೆನ್ನಾಗಿರಲಿ, ವಿಸ್ತೀರ್ಣವೂ ಸರಿ ಇರಲಿ ಎಂದರೆ 2018ರಲ್ಲಿ ಬಂದ 'ಈಕ್ವಲ್ ಅರ್ತ್' ಭೂಪಟ ಹಾಕು. ನಿನ್ನ ಚಾರ್ಟ್‌ಗೆ ನಾನಾದರೆ ಅದನ್ನೇ ಆರಿಸುತ್ತಿದ್ದೆ. ಆಕಾರ, ವಿಸ್ತೀರ್ಣ ಎರಡನ್ನೂ ಎಲ್ಲ ಕಡೆ ಸರಿ ಇಡುವ ಚಪ್ಪಟೆ ಭೂಪಟ ಮಾತ್ರ ಸಿಗುವುದಿಲ್ಲ. ಗೋಳವನ್ನು ಎಳೆಯದೆ, ಹರಿಯದೆ ಹಾಸಲು ಆಗದು ಎಂದು ಗಾಸ್ 1827ರಲ್ಲೇ ಗಣಿತದಿಂದ ತೋರಿಸಿಬಿಟ್ಟ.

ಹಾಗಂತ ಮರ್ಕೇಟರ್‌ನನ್ನು ಮೋಸಗಾರ ಎಂದು ಚಾರ್ಟ್‌ನಲ್ಲಿ ಬರೆಯಬೇಡ. ಈಗ ಹಾಗೆ ಬೈಯುವುದೇ ಒಂದು ಫ್ಯಾಶನ್ ಆಗಿದೆ. ಮೊಬೈಲ್‌ನಲ್ಲಿ ಪಿ.ಬಿ. ರಸ್ತೆಯ ತಿರುವು ನೋಡುವಾಗ ಕೋನ ಸರಿಯಾಗಿ ಕಾಣುತ್ತದಲ್ಲ, ಅದು ಅವನ ವಿಧಾನದಿಂದಲೇ. ದಾವಣಗೆರೆಯಿಂದ ಇಲ್ಲಿಗೆ ಅಕ್ಷಾಂಶದ ವ್ಯತ್ಯಾಸ ಕಾಲು ಡಿಗ್ರಿಯೂ ಇಲ್ಲ. ಎರಡು ಊರುಗಳ ಅಳತೆ ಹೋಲಿಸಿದರೆ ವ್ಯತ್ಯಾಸ ಸಾವಿರಕ್ಕೆ ಒಂದರಷ್ಟು. ಕಣ್ಣಿಗೆ ಕಾಣುವುದಿಲ್ಲ.

ಹೋಲಿಕೆ ಬಿಟ್ಟು ವಿಸ್ತೀರ್ಣವನ್ನೇ ಅಳೆಯಲು ಹೊರಟರೆ ಕಥೆ ಬೇರೆ. ಊರಿನ ಜಮೀನನ್ನು ಲ್ಯಾಪ್‌ಟಾಪ್‌ನಲ್ಲಿ ಗುರುತು ಮಾಡಿ ಎಕರೆ ತೆಗೆಯುತ್ತೀಯಂತೆ, ನಿಮ್ಮಪ್ಪ ಹೇಳಿದ. ಇಂಟರ್‌ನೆಟ್ ಭೂಪಟಗಳು ಸಾಮಾನ್ಯವಾಗಿ EPSG:3857 ಎಂಬ ಪದ್ಧತಿಯಲ್ಲಿರುತ್ತವೆ. ಅದು ಮರ್ಕೇಟರ್‌ನ ಮೊಮ್ಮಗ. ಅದರ ಚಪ್ಪಟೆ ಅಳತೆಯಿಂದ ನೇರವಾಗಿ ವಿಸ್ತೀರ್ಣ ತೆಗೆದರೆ ನಮ್ಮ ಅಕ್ಷಾಂಶದಲ್ಲೇ 100 ಎಕರೆ ಸುಮಾರು 107 ಎಕರೆ ಎಂದು ತೋರಿಸುತ್ತದೆ. ಏಳು ಎಕರೆ ಸುಮ್ಮನೆ ಹುಟ್ಟಿಕೊಂಡರೆ ಅಣ್ಣತಮ್ಮಂದಿರ ನಡುವೆ ಏನಾಗುತ್ತದೆ ಎಂದು ನಿನಗೆ ಹೇಳಬೇಕಿಲ್ಲ. ಲೆಕ್ಕ ಮಾಡುವ ಮುಂಚೆ ಅದನ್ನು EPSG:32643ಕ್ಕೆ ಬದಲಾಯಿಸು, ನಮ್ಮ ಭಾಗಕ್ಕೆ ಸರಿಹೋಗುವುದು ಅದು. ಆಗ ಭೂಪಟದಿಂದ ಬರುವ ವ್ಯತ್ಯಾಸ 100 ಎಕರೆಗೆ ಎರಡು ಮೂರು ಗುಂಟೆ ಅಷ್ಟೇ. ಬಂದ ಎಕರೆಯನ್ನು ಪಹಣಿಯ ಜೊತೆ ಇಟ್ಟು ನೋಡು. ತೀರಾ ಹೊಂದದಿದ್ದರೆ ನನಗೆ ಫೋನ್ ಮಾಡು, ಟಿಪ್ಪಣಿ ತೆಗೆದು ಇಬ್ಬರೂ ಕೂತು ನೋಡೋಣ.

ಇಂತಿ,
ನಿನ್ನ ದೊಡ್ಡಪ್ಪ